ಚಿತ್ರ ಮೊದಲು ದೊಡ್ಡದು ಮಾಡಿ, ಅಕ್ಷರ ಆಮೇಲೆ ಹಾಕಿ: ಪ್ರಿಂಟ್‌ನಲ್ಲಿ ಹೊಸ ಬರಹ ಮಸುಕಾಗದ ಹಾಗೆ ಸೈಜ್ ಬದಲಿಸುವುದು

ಹಳೆಯ ಪೋಸ್ಟರ್ ಒಂದು ಕೈಗೆ ಸಿಕ್ಕಿದೆ. ಅದರಲ್ಲಿ ತಾರೀಕು, ಸಮಯ, ಜಾಗ ಮಾತ್ರ ಬದಲಿಸಬೇಕು, ಪ್ರಿಂಟ್ ಹಾಕಿಸಬೇಕು, ಅಷ್ಟೇ ಕೆಲಸ. ಹಳೆಯ ಸಾಲು ಅಳಿಸಿದಿರಿ, ಹೊಸ ಸಾಲು ಬರೆದಿರಿ, ಸ್ಕ್ರೀನ್ ಮೇಲೆ ಚೆನ್ನಾಗೇ ಕಾಣಿಸಿತು. ಪ್ರೆಸ್‌ನವರು ಫೈಲ್ ಚಿಕ್ಕದು, 300 ಡಿಪಿಐ ಬೇಕು, ಅಂದರೆ ಇಂಚಿಗೆ 300 ಪಿಕ್ಸೆಲ್ ಬೇಕು ಅಂದರು. ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡಿ ಕಳಿಸಿದಿರಿ. ಪ್ರಿಂಟ್ ಆಗಿ ಬಂದಾಗ ನೋಡಿದರೆ ನೀವೇ ಈಗಷ್ಟೇ ಟೈಪ್ ಮಾಡಿದ ಹೊಸ ಅಕ್ಷರವೂ ಹಳೆಯ ಚಿತ್ರದ ಹಾಗೇ ಮಬ್ಬು ಮಬ್ಬು.

ಮೊದಲ ಸಲ ನನಗೂ ಹೀಗೇ ಆಗಿತ್ತು. ಫಾಂಟ್ ಸರಿ ಇಲ್ಲ ಅಂತ ಎರಡು ಮೂರು ಫಾಂಟ್ ಬದಲಿಸಿ ನೋಡಿದೆ, ಶಾರ್ಪನ್ ಮಾಡಿ ನೋಡಿದೆ, ಏನೂ ಪ್ರಯೋಜನ ಆಗಲಿಲ್ಲ. ತಪ್ಪು ಇದ್ದದ್ದು ಫಾಂಟ್‌ನಲ್ಲಲ್ಲ, ಕೆಲಸ ಮಾಡಿದ ಕ್ರಮದಲ್ಲಿ. ಅಕ್ಷರ ಮೊದಲು ಹಾಕಿ ಆಮೇಲೆ ಚಿತ್ರ ಹಿಗ್ಗಿಸಿದ್ದೆ. ಅದನ್ನು ತಿರುಗಿಸಿ, ಚಿತ್ರ ಮೊದಲು ಪ್ರಿಂಟಿನ ಅಳತೆಗೆ ತಂದು ಅಕ್ಷರ ಕೊನೆಗೆ ಹಾಕಿದರೆ ಅದೇ ಫಾಂಟ್, ಅದೇ ಪ್ರೆಸ್, ಆದರೆ ಅಕ್ಷರ ಚೂಪಾಗಿ ಬರುತ್ತದೆ.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಒಂದು ಅಕ್ಷರದ ಅಂಚನ್ನು ಹತ್ತಿರದಿಂದ ನೋಡಬೇಕು. ಯಾವುದಾದರೂ ಸಣ್ಣ ಅಕ್ಷರವನ್ನು 800 ಪರ್ಸೆಂಟ್ ಝೂಮ್ ಮಾಡಿ. ‘ರ’ ಅಂತಿಟ್ಟುಕೊಳ್ಳಿ. ಅದರ ಗೆರೆ ನಾಲ್ಕು ಪಿಕ್ಸೆಲ್ ದಪ್ಪ ಇದ್ದರೆ, ಆ ನಾಲ್ಕು ಕಪ್ಪಗಿರುತ್ತವೆ, ಎರಡೂ ಪಕ್ಕದಲ್ಲಿ ಒಂದೊಂದು ಬೂದು ಪಿಕ್ಸೆಲ್ ಇರುತ್ತದೆ. ಆ ಬೂದು ಬೇಕು, ಅದು ಇಲ್ಲದಿದ್ದರೆ ದುಂಡನೆಯ ಭಾಗ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಈಗ ಇದನ್ನು ಎರಡು ಪಟ್ಟು ಹಿಗ್ಗಿಸಿದರೆ ಕಂಪ್ಯೂಟರ್‌ಗೆ ಇದು ‘ರ’ ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಇಲ್ಲಿ ಕಪ್ಪು, ಅಲ್ಲಿ ಬಿಳಿ ಅನ್ನುವುದಷ್ಟೇ. ನಡುವೆ ಹೊಸದಾಗಿ ತುಂಬಬೇಕಾದ ಪಿಕ್ಸೆಲ್‌ಗೆ ಅಕ್ಕಪಕ್ಕದ ಬಣ್ಣ ನೋಡಿ ಅಂದಾಜಿಗೆ ಒಂದು ಬೂದು ಕೊಡುತ್ತದೆ. ಹಾಗಾಗಿ ಒಂದು ಬೂದು ಪಿಕ್ಸೆಲ್ ಇದ್ದ ಕಡೆ ಎರಡು ಮೂರು ಬಂದು ಕೂರುತ್ತವೆ. ಅದೇ ನಮ್ಮ ಕಣ್ಣಿಗೆ ಮಸುಕು.

ಅದೇ ‘ರ’ವನ್ನು ದೊಡ್ಡ ಸೈಜಿನಲ್ಲಿ ಹೊಸದಾಗಿ ಟೈಪ್ ಮಾಡಿದರೆ ಫಾಂಟ್ ಒಳಗಿರುವ ಗೆರೆಯ ಲೆಕ್ಕದಿಂದ ಅದು ಮತ್ತೆ ಮೊದಲಿಂದ ಬಿಡಿಸಲ್ಪಡುತ್ತದೆ. ಎಂಟು ಪಿಕ್ಸೆಲ್ ಕಪ್ಪು, ಪಕ್ಕಕ್ಕೆ ಮತ್ತೆ ಒಂದೊಂದೇ ಬೂದು. ಫಾಂಟ್ ಅಂದರೆ ಚಿತ್ರ ಅಲ್ಲ, ಬಿಡಿಸುವ ವಿಧಾನ. ಅದಕ್ಕೆ ಎಷ್ಟು ದೊಡ್ಡದಾದರೂ ಸಮಸ್ಯೆ ಇಲ್ಲ, ನಾವು ಅದನ್ನು ಪಿಕ್ಸೆಲ್ ಆಗಿ ಹೆಪ್ಪುಗಟ್ಟಿಸುವ ತನಕ.

ಒಂದು ಕೆಲಸವನ್ನೇ ಹಿಡಿದು ಮೊದಲಿಂದ ಕೊನೆಯವರೆಗೆ ಮಾಡೋಣ. ನಾನು ಇಲ್ಲಿ ಗಿಂಪ್ 2.10ರ ಮೆನು ಹೆಸರು ಕೊಡುತ್ತೇನೆ, ಅದು ಉಚಿತವಾಗಿ ಸಿಗುವ ಸಾಫ್ಟ್‌ವೇರ್. ಬೇರೆಯದು ಬಳಸುವವರಿಗೂ ಕ್ರಮ ಇದೇ.

ಮೊದಲು ಅಳತೆ

ನಮ್ಮ ಹತ್ತಿರ ಇರುವ ಪೋಸ್ಟರ್ 874 × 1240 ಪಿಕ್ಸೆಲ್‌ನ ಒಂದು ಪಿಎನ್‌ಜಿ ಫೈಲ್. ಮೇಲರ್ಧ ಒಂದು ಫೋಟೋ, ಅದರ ಮೇಲೆ ದೊಡ್ಡ ಅಕ್ಷರದ ಶೀರ್ಷಿಕೆ. ಕೆಳಗರ್ಧ ಬರೀ ಕೆನೆ ಬಣ್ಣ, ಅದರ ಮೇಲೆ ತಾರೀಕು, ಸಮಯ, ಜಾಗ ಅಂತ ಮೂರು ಸಾಲು. ಸುತ್ತ ಬಿಳಿ ಅಂಚು. ಇದನ್ನು A5 ಕರಪತ್ರವಾಗಿ ಹಾಕಿಸಬೇಕು. A5 ಅಂದರೆ 148 × 210 ಮಿಲಿಮೀಟರ್.

ಮಿಲಿಮೀಟರ್‌ನಿಂದ ಪಿಕ್ಸೆಲ್‌ಗೆ ಬರುವ ಲೆಕ್ಕ ಒಂದೇ:

```
ಪಿಕ್ಸೆಲ್ = ಮಿ.ಮೀ. ÷ 25.4 × 300
148 ÷ 25.4 × 300 = 1748
210 ÷ 25.4 × 300 = 2480
```

25.4 ಅಂದರೆ ಒಂದು ಇಂಚಿಗೆ ಎಷ್ಟು ಮಿಲಿಮೀಟರ್ ಅಂತ. 300 ಅಂದರೆ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಬೇಕು ಅಂತ. ಹಾಗಾಗಿ ನಮಗೆ ಬೇಕಾದದ್ದು 1748 × 2480. ಇರುವುದು ಸರಿಯಾಗಿ ಅದರ ಅರ್ಧ. ಎರಡು ಪಟ್ಟು ಹಿಗ್ಗಿಸಬೇಕು.

ಇಲ್ಲಿ ಜಾಸ್ತಿ ಜನ ಮಾಡುವ ಒಂದು ತಪ್ಪಿದೆ. 300 ಡಿಪಿಐ ಬೇಕು ಅಂದ ಕೂಡಲೇ ರೆಸಲ್ಯೂಶನ್ ಬಾಕ್ಸ್‌ನಲ್ಲಿ 72 ಅಂತ ಇದ್ದದ್ದನ್ನು 300 ಅಂತ ಬದಲಿಸಿ ಸೇವ್ ಮಾಡುತ್ತಾರೆ. ಪಿಕ್ಸೆಲ್ ಸಂಖ್ಯೆ ಬದಲಾಗಿಲ್ಲ ಅಂದರೆ ಚಿತ್ರದಲ್ಲಿ ಏನೂ ಬದಲಾಗಿಲ್ಲ. ಆ 300 ಅನ್ನುವುದು ಫೈಲ್ ಮೇಲೆ ಅಂಟಿಸಿದ ಚೀಟಿ ಇದ್ದ ಹಾಗೆ, ಇದನ್ನು ಎಷ್ಟು ದೊಡ್ಡದಾಗಿ ಪ್ರಿಂಟ್ ಮಾಡಬೇಕು ಅಂತ ಹೇಳುತ್ತದೆ, ಅಷ್ಟೇ. ನಮ್ಮ 874 × 1240ಕ್ಕೆ 300ರ ಚೀಟಿ ಅಂಟಿಸಿದರೆ ಅದು 74 × 105 ಮಿಲಿಮೀಟರ್‌ಗೆ ಪ್ರಿಂಟ್ ಆಗುತ್ತದೆ, ಅಂದರೆ A5ರ ಕಾಲು ಭಾಗ. ಪ್ರೆಸ್‌ನಲ್ಲಿ ಅದನ್ನು ಎಳೆದು A5 ಮಾಡಿದರೆ ಮತ್ತೆ ಇಂಚಿಗೆ 150ಕ್ಕೇ ಬಂದು ನಿಲ್ಲುತ್ತದೆ. ಆದ್ದರಿಂದ ಯಾವಾಗಲೂ ಪಿಕ್ಸೆಲ್ ನೋಡಿ. ಗಿಂಪ್‌ನಲ್ಲಿ `Image > Image Properties` ತೆರೆದರೆ ಪಿಕ್ಸೆಲ್, ಪ್ರಿಂಟ್ ಸೈಜ್, ರೆಸಲ್ಯೂಶನ್ ಮೂರೂ ಒಂದೇ ಕಡೆ ಕಾಣುತ್ತವೆ.

ಹಿಗ್ಗಿಸುವ ಮುಂಚೆ ಇನ್ನೊಂದು ಮಾತು. ಈ ಪೋಸ್ಟರ್ ಮಾಡಿದವರ ಹತ್ತಿರ ಮೂಲ ಫೈಲ್ ಇದೆಯಾ ಅಂತ ಕೇಳಿ. ಚಾಟ್‌ನಲ್ಲಿ ಫೋಟೋ ಆಗಿ ಬಂದ ಚಿತ್ರ ದಾರಿಯಲ್ಲೇ ಕುಗ್ಗಿರುತ್ತದೆ, ಮೂಲ ಇನ್ನೂ ದೊಡ್ಡದಿರಬಹುದು. ಪಿಡಿಎಫ್ ಸಿಕ್ಕಿದರೆ ಬಹಳ ಒಳ್ಳೆಯದು. ಅದನ್ನು ಗಿಂಪ್‌ನಲ್ಲಿ ತೆರೆಯುವಾಗ ಎಷ್ಟು ರೆಸಲ್ಯೂಶನ್‌ನಲ್ಲಿ ತೆರೆಯಲಿ ಅಂತ ಒಂದು ಪೆಟ್ಟಿಗೆ ಬರುತ್ತದೆ. ಸುಮ್ನೆ ಸರಿ ಒತ್ತಿಬಿಡಬೇಡಿ, ಅಲ್ಲೇ 300 ಕೊಡಿ. ಕಡಿಮೆಗೆ ತೆರೆದು ಆಮೇಲೆ ಹಿಗ್ಗಿಸುವುದು ಅಂದರೆ ಕೈಯಲ್ಲಿದ್ದ ಚೂಪನ್ನು ನಾವೇ ಕೊಂದ ಹಾಗೆ.

ಅಳಿಸುವುದು ಚಿಕ್ಕ ಚಿತ್ರದಲ್ಲೇ

ಮೂಲ ಸಿಗಲಿಲ್ಲ, 874 × 1240 ಒಂದೇ ಗತಿ ಅಂತಿಟ್ಟುಕೊಳ್ಳೋಣ. ಮೊದಲು ಅದನ್ನು ಬೇರೆ ಹೆಸರಿನಲ್ಲಿ `.xcf` ಆಗಿ ಸೇವ್ ಮಾಡಿ. ಲೇಯರ್‌ಗಳು, ಅಕ್ಷರ ಎಲ್ಲ ಆಮೇಲೂ ತಿದ್ದುವ ಹಾಗೆ ಉಳಿಯುವುದು ಆ ಫೈಲ್‌ನಲ್ಲಿ.

ಈಗ ಹಳೆಯ ಮೂರು ಸಾಲು ಅಳಿಸಬೇಕು. ಇದನ್ನು ಹಿಗ್ಗಿಸುವ ಮೊದಲೇ ಮಾಡಿ ಅನ್ನುವುದು ನನ್ನ ಸಲಹೆ, ಅದಕ್ಕೆ ಕಾರಣ ಇದೆ. ಅಳಿಸಿದ ಜಾಗಕ್ಕೆ ನೀವು ಹಾಕುವ ತೇಪೆ ಉಳಿದ ಚಿತ್ರದ ಜೊತೆಗೇ ಹಿಗ್ಗಬೇಕು. ಆಗ ಎರಡರ ಮೃದುತನ ಒಂದೇ ಥರ ಇರುತ್ತದೆ, ತೇಪೆ ಹಾಕಿದ್ದು ಕಣ್ಣಿಗೆ ಬೀಳುವುದಿಲ್ಲ. ಹಿಗ್ಗಿಸಿದ ಮೇಲೆ ತೇಪೆ ಹಾಕಿದರೆ ಬ್ರಷ್‌ನ ಅಂಚು ಚೂಪಾಗಿ, ಸುತ್ತಲಿನದು ಮೆತ್ತಗಾಗಿ, ಅಲ್ಲೊಂದು ಚೌಕ ಇದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಅಂದರೆ ಚಿತ್ರಕ್ಕೂ ಅಕ್ಷರಕ್ಕೂ ನಿಯಮ ತಿರುಗು ಮುರುಗು: ತೇಪೆ ಮೊದಲು, ಅಕ್ಷರ ಕೊನೆಗೆ.

ಕೆನೆ ಬಣ್ಣದ ಮೇಲಿನ ಸಾಲು ಅಳಿಸುವುದು ಸುಲಭ. ಕಲರ್ ಪಿಕರ್‌ನಿಂದ ಆ ಬಣ್ಣ ಎತ್ತಿಕೊಳ್ಳಿ, ಸಾಲಿನ ಸುತ್ತ ಆಯತ ಸೆಲೆಕ್ಟ್ ಮಾಡಿ, ಬಣ್ಣ ತುಂಬಿ. ಆದರೆ ಅಕ್ಷರಕ್ಕೆ ತಾಗಿಕೊಂಡೇ ಸೆಲೆಕ್ಟ್ ಮಾಡಬೇಡಿ, ಎಂಟು ಹತ್ತು ಪಿಕ್ಸೆಲ್ ಆಚೆಯವರೆಗೂ ತೆಗೆದುಕೊಳ್ಳಿ. ಜೆಪೆಗ್ ಆಗಿ ಓಡಾಡಿ ಬಂದ ಚಿತ್ರದಲ್ಲಿ ಅಕ್ಷರದ ಸುತ್ತ ಸೊಳ್ಳೆ ಮುತ್ತಿದ ಹಾಗೆ ಸಣ್ಣ ಚುಕ್ಕೆಗಳಿರುತ್ತವೆ. ಅಕ್ಷರ ಮಾತ್ರ ಅಳಿಸಿದರೆ ಆ ಚುಕ್ಕೆಗಳು ಹಳೆಯ ಸಾಲಿನ ನೆರಳಾಗಿ ಉಳಿದು ಪ್ರಿಂಟ್‌ನಲ್ಲಿ ಕಾಣಿಸುತ್ತವೆ. ಹಿನ್ನೆಲೆ ಒಂದೇ ಬಣ್ಣ ಇಲ್ಲದಿದ್ದರೆ ಕ್ಲೋನ್ ಅಥವಾ ಹೀಲ್ ಟೂಲ್ ಬಳಸಬೇಕು, ಅದಕ್ಕೆ ತಾಳ್ಮೆ ಬೇಕು.

ಶೀರ್ಷಿಕೆಯನ್ನೂ ಅಳಿಸಿ ಮತ್ತೆ ಬರೆಯಬೇಕಾ? ನಾನಾದರೆ ಬಿಡುತ್ತೇನೆ. ಮಸುಕು ಎಷ್ಟು ಕಾಣುತ್ತದೆ ಅನ್ನುವುದು ಗೆರೆಯ ದಪ್ಪದ ಮೇಲೆ ನಿಂತಿದೆ. ಹಿಗ್ಗಿಸಿದ ಮೇಲೆ ಅಂಚಿನಲ್ಲಿ ಎರಡು ಬೂದು ಪಿಕ್ಸೆಲ್ ಇದ್ದರೆ, ಅರವತ್ತು ಪಿಕ್ಸೆಲ್ ದಪ್ಪದ ಶೀರ್ಷಿಕೆ ಅಕ್ಷರದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಆರು ಪಿಕ್ಸೆಲ್ ದಪ್ಪದ ಸಣ್ಣ ಅಕ್ಷರದಲ್ಲಿ ಅದೇ ಎರಡು ಪಿಕ್ಸೆಲ್ ಗೆರೆಯ ಮೂರನೇ ಒಂದು ಭಾಗ. ಕನ್ನಡದಲ್ಲಿ ಇದರ ಏಟು ಇನ್ನೂ ಜೋರು, ಯಾಕೆಂದರೆ ಒತ್ತಕ್ಷರ ಮೇಲಿನ ಅಕ್ಷರಕ್ಕಿಂತ ಚಿಕ್ಕದು, ಅದರ ಒಳಗಿನ ಖಾಲಿ ಜಾಗ ಮೊದಲು ತುಂಬಿಹೋಗುತ್ತದೆ. ‘ಕ್ಷ’, ‘ಷ್ಟ್ರ’ ಇಂಥವು ಕಪ್ಪು ಮುದ್ದೆ ಆಗುವುದು ಹೀಗೇ. ಹಾಗಾಗಿ ಸಣ್ಣ ಅಕ್ಷರವನ್ನೆಲ್ಲ, ಬದಲಾವಣೆ ಬೇಕಿಲ್ಲದ ಸಾಲನ್ನೂ ಸೇರಿಸಿ, ಅಳಿಸಿ ಮತ್ತೆ ಟೈಪ್ ಮಾಡಿ. ಮೂರು ಸಾಲಲ್ಲಿ ಎರಡು ಚೂಪು, ಒಂದು ಮಬ್ಬು ಇದ್ದರೆ ಮಬ್ಬಾದದ್ದು ಇನ್ನೂ ಮಬ್ಬಾಗಿ ಕಾಣುತ್ತದೆ. ಹೊಸದನ್ನು ಹಳೆಯದಕ್ಕೆ ಹೊಂದಿಸಲು ಬ್ಲರ್ ಮಾಡುವವರನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಓದುವವರಿಗೆ ಕಷ್ಟ.

ಅಳಿಸುವ ಮುಂಚೆ ಹಳೆಯ ಅಕ್ಷರದ ಎತ್ತರ, ಎಡ ಅಂಚಿನಿಂದ ದೂರ, ಸಾಲುಗಳ ನಡುವಿನ ಅಂತರ ಇಷ್ಟನ್ನು ಮೆಷರ್ ಟೂಲ್‌ನಿಂದ ಅಳೆದು ಬರೆದಿಟ್ಟುಕೊಳ್ಳಿ. ಎರಡರಿಂದ ಗುಣಿಸಿದರೆ ಹೊಸ ಅಳತೆ. ಇದನ್ನು ಮರೆತರೆ ಆಮೇಲೆ ಕಣ್ಣಂದಾಜಿನಲ್ಲಿ ಒದ್ದಾಡಬೇಕಾಗುತ್ತದೆ.

ಹಿಗ್ಗಿಸುವುದು, ಒಂದೇ ಸಲ

`Image > Scale Image` ತೆರೆಯಿರಿ. `Width` 1748, `Height` 2480 ಕೊಡಿ. ಎರಡರ ನಡುವಿನ ಸರಪಳಿ ಜೋಡಿಸಿಯೇ ಇರಲಿ, ಒಂದು ಕೊಟ್ಟರೆ ಇನ್ನೊಂದು ತಾನಾಗಿ ಬರಬೇಕು. ಬರುವ ಸಂಖ್ಯೆ ನಿಮಗೆ ಬೇಕಾದ್ದಕ್ಕಿಂತ ಬೇರೆ ಇದ್ದರೆ ಚಿತ್ರದ ಆಕಾರವೇ ಬೇರೆ ಅಂತ ಅರ್ಥ. ಆಗ ಸರಪಳಿ ಬಿಚ್ಚಿ ಎಳೆಯಬೇಡಿ, ಮುಖಗಳೆಲ್ಲ ಅಗಲವಾಗುತ್ತವೆ. ಚಿಕ್ಕದಾಗಿ ಬೀಳುವ ಕಡೆಯನ್ನು ತುಂಬುವಷ್ಟು ಹಿಗ್ಗಿಸಿ, ಹೆಚ್ಚಾದದ್ದನ್ನು `Image > Canvas Size`ನಲ್ಲಿ ಕತ್ತರಿಸಿ. `X resolution` ಮತ್ತು `Y resolution` ಎರಡಕ್ಕೂ 300 ಕೊಡಿ. ಈಗ ಆ ಚೀಟಿಗೆ ಅರ್ಥ ಬಂತು, ಯಾಕೆಂದರೆ ಅದರ ಹಿಂದೆ ನಿಜವಾಗಿ ಅಷ್ಟು ಪಿಕ್ಸೆಲ್ ಇವೆ.

`Interpolation` ಅನ್ನುವ ಕಡೆ ಫೋಟೋಗೆ `Cubic` ಅಥವಾ `NoHalo` ಇಡಿ. `None` ಇಟ್ಟರೆ ಪಿಕ್ಸೆಲ್ ಪಿಕ್ಸೆಲ್ ಮೆಟ್ಟಿಲು ಕಾಣುತ್ತದೆ. ಅದು ಕೆಲಸಕ್ಕೆ ಬರುವುದು ಒಂದೇ ಕಡೆ, ಕ್ಯೂಆರ್ ಕೋಡ್‌ಗೆ. ಕ್ಯೂಆರ್ ಕೋಡ್ ಚೌಕಗಳಿಗೆ ಬೂದು ಅಂಚು ಬರಬಾರದು, ಆದ್ದರಿಂದ ಅದನ್ನು ಬೇರೆಯಾಗಿ `None` ಇಟ್ಟು ಸರಿಯಾಗಿ ಎರಡು ಅಥವಾ ಮೂರು ಪಟ್ಟು ಹಿಗ್ಗಿಸಬೇಕು. ಹೊಸದಾಗಿ ಮಾಡಿ ಹಾಕಿದರೆ ಇನ್ನೂ ಒಳ್ಳೆಯದು.

ಪ್ರತಿ ಸಲ ಸ್ಕೇಲ್ ಮಾಡಿದಾಗಲೂ ಆ ಅಂದಾಜಿನ ಬೂದು ಮತ್ತೆ ಸೇರುತ್ತದೆ. 1500 ಮಾಡಿ ನೋಡಿ, ಸಾಲದು ಅಂತ 1748, ಜಾಸ್ತಿ ಆಯ್ತು ಅಂತ ಮತ್ತೆ ಕೆಳಗೆ, ಹೀಗೆ ಆಡಬೇಡಿ. ತಪ್ಪಾದರೆ `Ctrl+Z` ಒತ್ತಿ ಮೊದಲಿಗೆ ಹೋಗಿ, ಅಲ್ಲಿಂದ ಒಂದೇ ಹೆಜ್ಜೆಗೆ ಬನ್ನಿ.

ಒಂದು ವಿಷಯ ಮೊದಲೇ ತಿಳಿದಿರಲಿ. ಹಿಗ್ಗಿಸಿದ್ದರಿಂದ ಫೋಟೋದಲ್ಲಿ ಇಲ್ಲದ ವಿವರ ಬರುವುದಿಲ್ಲ. ಅದು 150ರ ಫೋಟೋನೇ, ನಯವಾಗಿ ದೊಡ್ಡದಾಗಿದೆ ಅಷ್ಟೇ. ಆದರೆ ಮರ, ಮೋಡ, ಮುಖ ಇವುಗಳಲ್ಲಿ ಸ್ವಲ್ಪ ಮೆತ್ತಗಾದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಅಕ್ಷರದಲ್ಲಿ ಒಪ್ಪುವುದಿಲ್ಲ. ಈ ದೊಡ್ಡ ಕ್ಯಾನ್ವಾಸ್ ನಾವು ಮಾಡಿಕೊಂಡಿದ್ದೇ ಅಕ್ಷರಕ್ಕೆ ಜಾಗ ಬೇಕು ಅಂತ.

ನಮ್ಮ ಪೋಸ್ಟರ್‌ಗೆ ಸುತ್ತ ಬಿಳಿ ಅಂಚು ಇರುವುದರಿಂದ ಬ್ಲೀಡ್ ಬೇಕಿಲ್ಲ. ಬಣ್ಣ ಕಾಗದದ ತುದಿಯವರೆಗೂ ಇದ್ದರೆ ಪ್ರೆಸ್‌ನವರು ಸಾಮಾನ್ಯವಾಗಿ ಸುತ್ತ 3 ಮಿಲಿಮೀಟರ್ ಜಾಸ್ತಿ ಕೇಳುತ್ತಾರೆ, ಕತ್ತರಿಸುವಾಗ ಬಿಳಿ ಗೆರೆ ಬರದಿರಲಿ ಅಂತ. ಆಗ A5ಕ್ಕೆ 154 × 216 ಮಿಲಿಮೀಟರ್, ಅಂದರೆ 1819 × 2551 ಪಿಕ್ಸೆಲ್. ಇದನ್ನು ಸ್ಕೇಲ್ ಮಾಡುವ ಮೊದಲೇ ಕೇಳಿ ತಿಳಿದುಕೊಳ್ಳಿ, ಇಲ್ಲದಿದ್ದರೆ ಎರಡನೇ ಸಲ ಹಿಗ್ಗಿಸಬೇಕಾಗುತ್ತದೆ.

ಈಗ ಅಕ್ಷರ

ಟೆಕ್ಸ್ಟ್ ಟೂಲ್ ತೆಗೆದುಕೊಂಡು ಮೂರು ಸಾಲು ಟೈಪ್ ಮಾಡಿ. ಸೈಜ್ ಪಕ್ಕದಲ್ಲಿ ಅಳತೆಯ ಘಟಕ ಪಿಕ್ಸೆಲ್ ಇದೆಯಾ ಪಾಯಿಂಟ್ ಇದೆಯಾ ನೋಡಿ. ಒಂದು ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ. 300ರ ಚಿತ್ರದಲ್ಲಿ 12 ಪಾಯಿಂಟ್ ಅಂದರೆ 50 ಪಿಕ್ಸೆಲ್, 72ರ ಚಿತ್ರದಲ್ಲಿ ಅದೇ 12 ಪಾಯಿಂಟ್ ಬರೀ 12 ಪಿಕ್ಸೆಲ್. ಸೈಜ್ 12 ಅಂತ ಕೊಟ್ಟರೆ ಅಕ್ಷರ ಇರುವೆಯಷ್ಟು ಕಾಣುತ್ತಿದೆ ಅಂದರೆ ಘಟಕ ಪಿಕ್ಸೆಲ್‌ನಲ್ಲಿದೆ, ಅದನ್ನು ಪಾಯಿಂಟ್‌ಗೆ ಬದಲಿಸಿ. ಪಾಯಿಂಟ್‌ನಲ್ಲಿ ಯೋಚಿಸುವುದು ಪ್ರಿಂಟ್‌ಗೆ ಸುಲಭ, ಯಾಕೆಂದರೆ ಕಾಗದದ ಮೇಲೆ ಎಷ್ಟು ದೊಡ್ಡದು ಬರುತ್ತದೆ ಅಂತ ಆಗಲೇ ಗೊತ್ತಾಗುತ್ತದೆ. ಕೈಯಲ್ಲಿ ಹಿಡಿದು ಓದುವ ಕರಪತ್ರಕ್ಕೆ 11, 12 ಪಾಯಿಂಟ್ ಚೆನ್ನಾಗಿರುತ್ತದೆ. ಒತ್ತಕ್ಷರ ಜಾಸ್ತಿ ಇರುವ ಸಾಲನ್ನು 8ಕ್ಕಿಂತ ಕೆಳಗೆ ಇಳಿಸಲು ನನಗೆ ಮನಸ್ಸು ಬರುವುದಿಲ್ಲ.

ಟೂಲ್ ಆಯ್ಕೆಗಳಲ್ಲಿ `Antialiasing` ಟಿಕ್ ಇರಲಿ, ಅಂಚಿಗೆ ಬೇಕಾದ ಆ ಬೂದು ಪಿಕ್ಸೆಲ್ ಕೊಡುವುದು ಅದೇ.

ಇನ್ನು ಮುಂದೆ ಈ ಟೆಕ್ಸ್ಟ್ ಲೇಯರ್ ಮೇಲೆ ಸ್ಕೇಲ್ ಟೂಲ್ ಮುಟ್ಟಿಸಬೇಡಿ. ಅಕ್ಷರ ಸ್ವಲ್ಪ ದೊಡ್ಡದು ಬೇಕಾ, ಫಾಂಟ್ ಸೈಜಿನ ಸಂಖ್ಯೆ ಬದಲಿಸಿ. ಮೂಲೆ ಹಿಡಿದು ಎಳೆದರೆ ಅದು ಅಕ್ಷರವನ್ನು ಮತ್ತೆ ಬಿಡಿಸುವುದಿಲ್ಲ, ಇದ್ದ ಪಿಕ್ಸೆಲ್‌ಗಳನ್ನೇ ಎಳೆಯುತ್ತದೆ. ಕೆಳಗಿನ ಲೇಯರ್‌ಗೆ ಮರ್ಜ್ ಮಾಡುವುದೂ ಬೇಡ.

ಈಗಾಗಲೇ ಅಕ್ಷರ ಮೊದಲು ಹಾಕಿ ಆಮೇಲೆ ಇಡೀ ಚಿತ್ರ ಹಿಗ್ಗಿಸಿಬಿಟ್ಟಿದ್ದೀರಾ? `.xcf` ಇದ್ದರೆ ಕೆಲಸ ಕೆಟ್ಟಿಲ್ಲ. ಟೆಕ್ಸ್ಟ್ ಟೂಲ್‌ನಿಂದ ಆ ಸಾಲಿನ ಮೇಲೆ ಕ್ಲಿಕ್ ಮಾಡಿ. ಈ ಲೇಯರನ್ನು ಬೇರೆ ಟೂಲ್‌ನಿಂದ ಬದಲಿಸಲಾಗಿದೆ, ತಿದ್ದಿದರೆ ಆ ಬದಲಾವಣೆ ಹೋಗುತ್ತದೆ ಅಂತ ಒಂದು ಎಚ್ಚರಿಕೆ ಬರುತ್ತದೆ. ಆ ಪೆಟ್ಟಿಗೆ ಕಂಡಿತು ಅಂದರೆ ನಿಮ್ಮ ಅಕ್ಷರ ಪಿಕ್ಸೆಲ್ ಆಗಿ ಹಿಗ್ಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ. `Create New Layer` ಒತ್ತಿ. ಅದೇ ಮಾತು, ಅದೇ ಫಾಂಟ್ ಇರುವ ಹೊಸ ಲೇಯರ್ ಬರುತ್ತದೆ. ಅದಕ್ಕೆ ಬೇಕಾದ ಸೈಜ್ ಕೊಟ್ಟು, ಜಾಗಕ್ಕೆ ಕೂರಿಸಿ, ಹಳೆಯ ಮಬ್ಬು ಲೇಯರ್ ಅಳಿಸಿ. ಎರಡನ್ನೂ 200 ಪರ್ಸೆಂಟ್‌ನಲ್ಲಿ ಅಕ್ಕಪಕ್ಕ ಇಟ್ಟು ಒಮ್ಮೆ ನೋಡಿ, ಇಷ್ಟೊತ್ತು ನಾನು ಹೇಳಿದ್ದೆಲ್ಲ ಕಣ್ಣಿಗೇ ಕಾಣುತ್ತದೆ.

ಫೋಟೋಶಾಪ್ ಬಳಸುವವರಿಗೆ ಈ ತೊಂದರೆ ಕಡಿಮೆ. ಅಲ್ಲಿ `Image > Image Size` ಮಾಡಿದಾಗ ಟೈಪ್ ಲೇಯರ್ ಹೊಸ ಅಳತೆಯಲ್ಲಿ ಮತ್ತೆ ಬಿಡಿಸಲ್ಪಡುತ್ತದೆ. ಆದರೆ ಅದನ್ನು ರಾಸ್ಟರೈಸ್ ಮಾಡಿ ಪಿಕ್ಸೆಲ್ ಆಗಿಸಿದ್ದರೆ ಅಥವಾ ಚಿತ್ರ ಫ್ಲಾಟನ್ ಆಗಿ ಲೇಯರ್‌ಗಳೆಲ್ಲ ಒಂದಾಗಿದ್ದರೆ ಅಲ್ಲೂ ಇದೇ ಗತಿ.

ಇನ್ನೂ ಒಳ್ಳೆಯ ದಾರಿ: ಅಕ್ಷರವನ್ನು ಪಿಕ್ಸೆಲ್ ಮಾಡದೇ ಇರುವುದು

ಮೇಲಿನಷ್ಟು ಮಾಡಿದರೆ ಕರಪತ್ರಕ್ಕೆ ಸಾಕು. ಆದರೂ ನಾನು ಈಗೀಗ ಗಿಂಪ್‌ನಲ್ಲಿ ಚಿತ್ರ ಮಾತ್ರ ಸಿದ್ಧ ಮಾಡಿಕೊಂಡು ಅಕ್ಷರವನ್ನು ಇಂಕ್‌ಸ್ಕೇಪ್‌ನಲ್ಲಿ ಹಾಕುತ್ತೇನೆ. ಅಲ್ಲಿ ಅಕ್ಷರ ಕೊನೆಯವರೆಗೂ ಗೆರೆಯಾಗಿಯೇ ಇರುತ್ತದೆ, ಪಿಕ್ಸೆಲ್ ಆಗುವುದು ಪ್ರೆಸ್‌ನ ಯಂತ್ರದಲ್ಲಿ ಮಾತ್ರ, ಅದೂ ಆ ಯಂತ್ರದ ಪೂರ್ತಿ ಸೂಕ್ಷ್ಮತೆಯಲ್ಲಿ. ನಾಳೆ ಅದನ್ನೇ ನಾಲ್ಕು ಪಟ್ಟು ದೊಡ್ಡದು ಮಾಡಿ ಅಂದರೂ ಅಕ್ಷರಕ್ಕೆ ಏನೂ ಆಗುವುದಿಲ್ಲ.

ಅಳಿಸಿ, ಹಿಗ್ಗಿಸಿ, ಅಕ್ಷರ ಹಾಕದೇ ಇರುವ ಚಿತ್ರವನ್ನು ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಇಂಕ್‌ಸ್ಕೇಪ್‌ನಲ್ಲಿ `File > Document Properties` ತೆರೆದು ಪುಟವನ್ನು 148 × 210 ಮಿಲಿಮೀಟರ್ ಮಾಡಿ. `File > Import` ಮೂಲಕ ಆ ಪಿಎನ್‌ಜಿ ತನ್ನಿ, ಕೇಳಿದಾಗ `Embed` ಆರಿಸಿ. ಲಿಂಕ್ ಮಾಡಿದರೆ ಚಿತ್ರದ ಫೈಲ್ ಬೇರೆ ಫೋಲ್ಡರ್‌ಗೆ ಹೋದ ದಿನ ಪುಟದಲ್ಲಿ ಖಾಲಿ ಚೌಕ ಉಳಿಯುತ್ತದೆ. ಚಿತ್ರ ಸೆಲೆಕ್ಟ್ ಮಾಡಿ ಮೇಲಿನ ಪಟ್ಟಿಯಲ್ಲಿ `X` 0, `Y` 0, `W` 148 ಮಿಲಿಮೀಟರ್ ಅಂತ ಕೊಡಿ, ಬೀಗದ ಗುರುತು ಹಾಕಿರಲಿ. ಅದರ ಮೇಲೆ ಅಕ್ಷರ ಟೈಪ್ ಮಾಡಿ.

ಮುಗಿದ ಮೇಲೆ `File > Save a Copy` ಹೋಗಿ ಪಿಡಿಎಫ್ ಆರಿಸಿದರೆ ಒಂದು ಪೆಟ್ಟಿಗೆ ಬರುತ್ತದೆ. ಅದರಲ್ಲಿ ಎರಡು ಆಯ್ಕೆ ನೋಡಬೇಕು. ಒಂದು, `Convert text to paths`. ಇದನ್ನು ಆರಿಸಿದರೆ ಅಕ್ಷರ ಗೆರೆಯ ಆಕಾರವಾಗಿ ಬದಲಾಗುತ್ತದೆ, ಪ್ರೆಸ್‌ನ ಕಂಪ್ಯೂಟರ್‌ನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೂ ಒತ್ತು ಕಿತ್ತು ಬರುವುದಿಲ್ಲ. ಇದು ಪ್ರತಿಯಲ್ಲಿ ಮಾತ್ರ ಆಗಲಿ, ನಿಮ್ಮ ಮೂಲ `.svg`ಯಲ್ಲಿ ಅಕ್ಷರ ತಿದ್ದುವ ಹಾಗೇ ಇರಬೇಕು. ಇನ್ನೊಂದು, `Resolution for rasterization (dpi)`. ಅದರಲ್ಲಿ ತಾನಾಗಿ 96 ಅಂತ ಇರುತ್ತದೆ, 300 ಮಾಡಿ. ಅಕ್ಷರಕ್ಕೆ ನೆರಳು ಅಥವಾ ಬ್ಲರ್ ಫಿಲ್ಟರ್ ಹಾಕಿದ್ದರೆ ಆ ಭಾಗ ಪಿಡಿಎಫ್‌ನಲ್ಲಿ ಪಿಕ್ಸೆಲ್ ಆಗಿಯೇ ಹೋಗುತ್ತದೆ, ಅದೂ ಈ ಸಂಖ್ಯೆಯಲ್ಲಿ. ಎಲ್ಲ ಸರಿ ಮಾಡಿದರೂ ನೆರಳಿರುವ ಒಂದು ಸಾಲು ಮಾತ್ರ ಮಬ್ಬಾಗಿ ಬಂದರೆ ಮೊದಲು ಇಲ್ಲಿ ಹುಡುಕಿ. ನೆರಳು ಬೇಕೇ ಬೇಕು ಅಂದರೆ ಅಕ್ಷರದ ಇನ್ನೊಂದು ಪ್ರತಿ ಮಾಡಿ, ಅದಕ್ಕೆ ಬ್ಲರ್ ಹಾಕಿ ಹಿಂದೆ ಇಡಿ, ಮುಂದಿನ ಅಕ್ಷರ ಫಿಲ್ಟರ್ ಇಲ್ಲದೆ ಇರಲಿ.

ಎಕ್ಸ್‌ಪೋರ್ಟ್‌ನಲ್ಲಿ ಕೈಜಾರುವ ಕಡೆ

ಗಿಂಪ್‌ನಿಂದಲೇ ಕಳಿಸುವುದಾದರೆ `File > Export As`ನಲ್ಲಿ ಪಿಎನ್‌ಜಿ ಅಥವಾ ಟಿಫ್ ಮಾಡಿ. ಎರಡೂ ಪಿಕ್ಸೆಲ್ ಇದ್ದದ್ದನ್ನು ಇದ್ದ ಹಾಗೇ ಇಡುತ್ತವೆ. ಜೆಪೆಗ್ ಹಾಗಲ್ಲ, ಅದು ಚಿತ್ರವನ್ನು 8 × 8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು ಪ್ರತಿ ಚೌಕದಲ್ಲೂ ಸಣ್ಣ ವಿವರ ಬಿಡುತ್ತಾ ಹೋಗುತ್ತದೆ. ಫೋಟೋದಲ್ಲಿ ಗೊತ್ತಾಗದು, ಅಕ್ಷರದ ಚೂಪು ಅಂಚಿನಲ್ಲಿ ಕೂಡಲೇ ಗೊತ್ತಾಗುತ್ತದೆ. ಸಾಲದ್ದಕ್ಕೆ ಬಣ್ಣದ ಮಾಹಿತಿಯನ್ನು ಅರ್ಧ ಅಳತೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವೂ ಅದಕ್ಕಿದೆ. ಕೆಂಪು ಅಕ್ಷರ ಕಪ್ಪು ಅಕ್ಷರಕ್ಕಿಂತ ಜಾಸ್ತಿ ಕದಡಿದ ಹಾಗೆ ಕಾಣುವುದಕ್ಕೆ ಅದೇ ಕಾರಣ. ಪ್ರೆಸ್‌ನವರು ಜೆಪೆಗ್ಗೇ ಬೇಕು ಅಂದರೆ `Quality` 95ಕ್ಕೆ ಏರಿಸಿ, `Subsampling`ನಲ್ಲಿ `4:4:4` ಆರಿಸಿ.

ಕಳಿಸುವ ಮುಂಚೆ ಎಕ್ಸ್‌ಪೋರ್ಟ್ ಆದ ಫೈಲನ್ನೇ ಮತ್ತೆ ತೆರೆದು ನೋಡಿ, ಎಡಿಟ್ ಮಾಡುತ್ತಿದ್ದ ಫೈಲನ್ನಲ್ಲ. ಪಿಕ್ಸೆಲ್ 1748 × 2480 ಇದೆಯಾ? ಕೆಲವು ಕಡೆ ರೆಸಲ್ಯೂಶನ್ 118.11 ಅಂತ ಕಾಣಬಹುದು. ಗಾಬರಿ ಬೇಡ, ಅದು ಸೆಂಟಿಮೀಟರ್‌ಗೆ ಲೆಕ್ಕ, 2.54ರಿಂದ ಗುಣಿಸಿದರೆ 300ಕ್ಕೇ ಬರುತ್ತದೆ.

ಪಿಡಿಎಫ್ ಆದರೆ 800 ಪರ್ಸೆಂಟ್ ಝೂಮ್ ಮಾಡಿ. ಅಕ್ಷರದ ಅಂಚು ಅಲ್ಲೂ ಬ್ಲೇಡಿನ ಹಾಗೆ ಇದ್ದರೆ ಅದು ಗೆರೆ. ಮೆಟ್ಟಿಲು ಅಥವಾ ಬೂದು ಕಂಡರೆ ಎಲ್ಲೋ ಪಿಕ್ಸೆಲ್ ಆಗಿದೆ. ಒಳಗಿನ ಚಿತ್ರದ ರೆಸಲ್ಯೂಶನ್ ಸಂಖ್ಯೆಯಲ್ಲೇ ಬೇಕು ಅನ್ನುವವರು ಪಾಪ್ಲರ್ ಟೂಲ್‌ಗಳನ್ನು ಹಾಕಿಕೊಂಡು ಹೀಗೆ ಕೇಳಬಹುದು:

```
pdfimages -list poster.pdf
```

ಅದರಲ್ಲಿ `x-ppi`, `y-ppi` ಅಂತ ಎರಡು ಕಾಲಂ ಇರುತ್ತವೆ. ನಮ್ಮ ಚಿತ್ರದ ಎದುರು 300ರ ಆಸುಪಾಸು ಬರಬೇಕು. 150 ಬಂದರೆ ಹಳೆಯ, ಹಿಗ್ಗಿಸದ ಚಿತ್ರವನ್ನೇ ಇಟ್ಟಿದ್ದೀರಿ ಅಂತ ಅರ್ಥ.

ಆಮೇಲೆ ನಿಮ್ಮ ಹತ್ತಿರ ಇರುವ ಯಾವುದೇ ಪ್ರಿಂಟರ್‌ನಲ್ಲಿ ಒಂದು ಪ್ರತಿ ತೆಗೆಯಿರಿ. ಪ್ರಿಂಟ್ ಪೆಟ್ಟಿಗೆಯಲ್ಲಿ `Fit` ಬೇಡ, `Actual size` ಇರಲಿ. ಸ್ಕೇಲ್ ಇಟ್ಟು ಅಳೆಯಿರಿ, ಅಗಲ 148 ಮಿಲಿಮೀಟರ್ ಬರಬೇಕು. ಕೈಯಲ್ಲಿ ಹಿಡಿದು, ಓದುವ ದೂರದಲ್ಲಿ ಇಟ್ಟು, ಒತ್ತಕ್ಷರ ನೋಡಿ. ಸ್ಕ್ರೀನ್ ಮೇಲೆ 300 ಪರ್ಸೆಂಟ್‌ನಲ್ಲಿ ಕಾಣುವ ಸಣ್ಣ ದೋಷಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ, 300ರಲ್ಲಿ ಒಂದು ಪಿಕ್ಸೆಲ್ ಅಂದರೆ ಮಿಲಿಮೀಟರ್‌ನ ಹನ್ನೆರಡನೇ ಒಂದು ಭಾಗ. ಆದರೆ ಕಾಗದದ ಮೇಲೆ ಕಂಡದ್ದನ್ನು ಬಿಡಬೇಡಿ.

ಫೈಲ್ ಕಳಿಸುವಾಗ ಚಾಟ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಅಥವಾ ಮೇಲ್‌ನಲ್ಲಿ ಕಳಿಸಿ. ಇಷ್ಟೆಲ್ಲ ಮಾಡಿ ಕೊನೆಗೆ ಚಾಟ್ ಆ್ಯಪ್ ಅದನ್ನು ಮತ್ತೆ ಕುಗ್ಗಿಸಿದರೆ ಎಷ್ಟು ಬೇಜಾರು ಹೇಳಿ.

ಇಷ್ಟಾದ ಮೇಲೂ ಪ್ರೆಸ್‌ನಿಂದ ಬಂದ ಪ್ರತಿಯಲ್ಲಿ ಸಣ್ಣ ಕಪ್ಪು ಅಕ್ಷರದ ಪಕ್ಕ ನೀಲಿ ಅಥವಾ ಕೆಂಪು ಛಾಯೆ ಇಣುಕುತ್ತಿದ್ದರೆ ಅದು ರೆಸಲ್ಯೂಶನ್‌ನ ಮಸುಕಲ್ಲ. ನಮ್ಮ ಫೈಲ್‌ನಲ್ಲಿ ಕಪ್ಪು ಸ್ಕ್ರೀನಿನ ಬಣ್ಣದ ಲೆಕ್ಕದಲ್ಲಿರುತ್ತದೆ, ಪ್ರೆಸ್‌ನಲ್ಲಿ ಅದು ನಾಲ್ಕೂ ಇಂಕಿನ ಮಿಶ್ರಣವಾಗಿ ಬದಲಾಗಬಹುದು. ನಾಲ್ಕು ಇಂಕು ಕೂದಲೆಳೆಯಷ್ಟು ಆಚೀಚೆ ಬಿದ್ದರೂ ಅಕ್ಷರಕ್ಕೆ ಬಣ್ಣದ ಅಂಚು ಬರುತ್ತದೆ. ಅಕ್ಷರವನ್ನು ಕಪ್ಪು ಇಂಕು ಒಂದರಲ್ಲೇ ಹಾಕಿ ಅಂತ ಪ್ರೆಸ್‌ನವರಿಗೆ ಮೊದಲೇ ಹೇಳಿ. ಅಕ್ಷರ ಬೇರೆಯಾಗಿ ಗೆರೆಯಾಗಿರುವ ಪಿಡಿಎಫ್ ಕೊಟ್ಟಿದ್ದರೆ ಅವರಿಗೆ ಇದನ್ನು ಮಾಡುವುದು ಸುಲಭ. ಫೋಟೋ ಜೊತೆ ಬೆರೆತುಹೋದ ಪಿಎನ್‌ಜಿ ಕೊಟ್ಟಿದ್ದರೆ ಅವರೂ ಹೆಚ್ಚೇನೂ ಮಾಡಲಾಗುವುದಿಲ್ಲ.

ಇನ್ನು ದೊಡ್ಡ ಬ್ಯಾನರ್ ಮಾಡಿಸುವವರು 300ಕ್ಕೆ ಹಟ ಹಿಡಿಯಬೇಕಾಗಿಲ್ಲ. ಆ ಸಂಖ್ಯೆ ಸುಮಾರು ಒಂದು ಅಡಿ ದೂರದಿಂದ ಓದುವ ಕಾಗದಕ್ಕೆ. ದೂರ ಎರಡರಷ್ಟಾದರೆ ಅರ್ಧ ಸಾಕು, ಮೂರು ಮೀಟರ್ ಆಚೆಯಿಂದ ನೋಡುವ ಬ್ಯಾನರ್‌ಗೆ ಇನ್ನೂ ಎಷ್ಟೋ ಕಡಿಮೆ. ಅಲ್ಲಿ ಹಿನ್ನೆಲೆಯ ಫೋಟೋ 100ರಲ್ಲಿ ಇದ್ದರೂ ನಡೆಯುತ್ತದೆ, ಅಕ್ಷರ ಮಾತ್ರ ಪಿಡಿಎಫ್‌ನಲ್ಲಿ ಗೆರೆಯಾಗಿಯೇ ಹೋಗಲಿ.